ಯಾವುದರ ಮೋಲ್?

ಹೋದ ವಾರ ಅಣ್ಣನ ಮಗಳು ಕೆಮಿಸ್ಟ್ರಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. "ಅತ್ತೆ, ಇದರಲ್ಲಿ ಎಲ್ಲಿ ತಪ್ಪಾಗಿದೆ ನೋಡು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ 80 ಬರ್ತಿದೆ. ಉತ್ತರ 250 ಅಂತ ಕೊಟ್ಟಿದ್ದಾರೆ."

ಲೆಕ್ಕ ಇದು. 12.5 ಗ್ರಾಂ ಸುಣ್ಣದ ಕಲ್ಲಿನ ಪುಡಿ ಇದೆ. ಅದರ ತೂಕದಲ್ಲಿ 80% ಕ್ಯಾಲ್ಸಿಯಂ ಕಾರ್ಬೊನೇಟ್. ಉಳಿದದ್ದು ಆಮ್ಲದ ತಂಟೆಗೆ ಹೋಗದ ಮರಳು. ಈ ಕಾರ್ಬೊನೇಟ್ ಅಷ್ಟೂ ಕರಗಬೇಕಾದರೆ 0.80 M ಹೈಡ್ರೋಕ್ಲೋರಿಕ್ ಆಮ್ಲ ಎಷ್ಟು ಮಿಲಿಲೀಟರ್ ಬೇಕು?

ಅವಳು ಬರೆದಿದ್ದು ಇಷ್ಟು.

```
12.5 × 0.80 = 10
10 / 100 = 0.1
0.1 × 0.80 = 0.08
0.08 × 1000 = 80
```

ನಾಲ್ಕು ಸಾಲು. ಗುಣಾಕಾರ ಸರಿ, ಭಾಗಾಕಾರ ಸರಿ. ಒಂದೂ ಕೂಡು-ಕಳೆ ತಪ್ಪಿಲ್ಲ. ಅದಕ್ಕೇ ಅವಳಿಗೆ ತಪ್ಪು ಕಾಣಿಸಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆ ಸಾಲುಗಳನ್ನು ಸುಮ್ನೆ ನೋಡಿದಾಗ ಏನೂ ಕಾಣಿಸಲಿಲ್ಲ. ಮೊದಲ ಸಾಲಿನ 10 ಅಂದರೆ ಏನು? ಗ್ರಾಮೋ, ಮೋಲೋ? ಮೂರನೇ ಸಾಲಿನ 0.80 ಯಾವ 0.80? ಪ್ರಶ್ನೆಯಲ್ಲಿ ಎರಡು 0.80 ಇವೆ. ಒಂದು ಕಲ್ಲಿನ ಶುದ್ಧತೆ, ಇನ್ನೊಂದು ಆಮ್ಲದ ಮೊಲಾರಿಟಿ. ಕಾಗದದ ಮೇಲೆ ಎರಡೂ ಅವಳಿ ಮಕ್ಕಳ ಹಾಗೆ ಒಂದೇ ತರ ಕೂತಿವೆ.

"ಇದನ್ನೇ ಇನ್ನೊಂದು ಸಲ ಬರಿ. ಆದರೆ ಪ್ರತಿ ಸಂಖ್ಯೆಯ ಪಕ್ಕ ಯೂನಿಟ್ ಹಾಕು. ಯೂನಿಟ್ ಪಕ್ಕ ಅದು ಯಾವ ವಸ್ತುವಿನದು ಅಂತಲೂ ಹಾಕು" ಅಂದೆ.

"ಯೂನಿಟ್ ಕೊನೆಗೆ ಹಾಕ್ತೀನಲ್ಲ ಅತ್ತೆ" ಅಂದಳು.

ಈ ಮಾತನ್ನು ನಾನು ಪಾಠ ಹೇಳುವ ಮಕ್ಕಳಿಂದಲೂ ಕೇಳುತ್ತಲೇ ಇರುತ್ತೇನೆ. ಕೊನೆಗೆ ಹಾಕುವ ಯೂನಿಟ್ ಲೆಕ್ಕದಿಂದ ಬಂದದ್ದಲ್ಲ. ಪ್ರಶ್ನೆಯಲ್ಲಿ "ಎಷ್ಟು ಮಿಲಿಲೀಟರ್" ಅಂತ ಕೇಳಿದ್ದಾರೆ, ಹಾಗಾಗಿ ಉತ್ತರದ ಮುಂದೆ mL ಅಂತ ಅಂಟಿಸುತ್ತೇವೆ. ಒಳಗೆ ಏನೇ ಆಗಿದ್ದರೂ ಆ ಚೀಟಿ ಅಂಟಿಕೊಳ್ಳುತ್ತದೆ. ಯೂನಿಟ್ ಮೊದಲ ಸಾಲಿನಿಂದಲೇ ಜೊತೆಗೆ ನಡೆದುಕೊಂಡು ಬಂದಿದ್ದರೆ ಮಾತ್ರ ದಾರಿ ತಪ್ಪಿದ ಜಾಗದಲ್ಲಿ ಅದು ಕೈ ಹಿಡಿದು ನಿಲ್ಲಿಸುತ್ತದೆ.

ಅವಳು ಹೊಸ ಪುಟ ತೆಗೆದಳು. ಮೊದಲ ಸಾಲು ಹೀಗೆ ಬಂತು.

```
12.5 g ಕಲ್ಲು × (80 g CaCO3 / 100 g ಕಲ್ಲು) = 10.0 g CaCO3
```

80% ಅನ್ನುವುದನ್ನು ಅವಳು ಇಲ್ಲಿಯವರೆಗೆ 0.80 ಅಂತ ಒಂದು ಬೋಳು ಸಂಖ್ಯೆಯಾಗಿ ನೋಡುತ್ತಿದ್ದಳು. ಬಿಡಿಸಿ ಬರೆದರೆ ಅದು ಒಂದು ವಾಕ್ಯ: 100 ಗ್ರಾಂ ಕಲ್ಲು ತೆಗೆದುಕೊಂಡರೆ ಅದರಲ್ಲಿ 80 ಗ್ರಾಂ ಕಾರ್ಬೊನೇಟ್ ಇರುತ್ತದೆ. ಮೇಲಿನ "g ಕಲ್ಲು" ಮತ್ತು ಕೆಳಗಿನ "g ಕಲ್ಲು" ಎರಡನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಉಳಿದದ್ದು g CaCO3.

ಇಲ್ಲಿ ಗುಣಿಸಬೇಕೋ ಭಾಗಿಸಬೇಕೋ ಅನ್ನುವ ಗೊಂದಲ ತುಂಬಾ ಮಕ್ಕಳಿಗಿದೆ. ಕೆಲವರು 12.5 ಅನ್ನು 0.80ರಿಂದ ಭಾಗಿಸಿ 15.6 ಅಂತ ಬರೆಯುತ್ತಾರೆ. ಬರೀ ಸಂಖ್ಯೆಯಾದರೆ ಅದನ್ನು ತಡೆಯುವವರಿಲ್ಲ. ಯೂನಿಟ್ ಹಾಕಿದರೆ ಬರುವುದು ಗ್ರಾಂ ಕಲ್ಲು × ಗ್ರಾಂ ಕಲ್ಲು, ಅದರ ಕೆಳಗೆ ಗ್ರಾಂ ಕಾರ್ಬೊನೇಟ್. ಕಲ್ಲಿನ ವರ್ಗ ಅಂತ ಒಂದು ವಸ್ತು ಇಲ್ಲವಲ್ಲ! ಭಿನ್ನರಾಶಿ ತಲೆಕೆಳಗಾಗಿದೆ ಅಂತ ಆಗಲೇ ಗೊತ್ತಾಗುತ್ತದೆ. ಆದರೆ ಒಂದು ಮಾತು. "ಕಲ್ಲು", "CaCO3" ಅನ್ನುವ ಹೆಸರು ಬಿಟ್ಟು ಬರೀ g ಅಂತ ಬರೆದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಗ್ರಾಂ ಮೇಲೆ ಗ್ರಾಂ ಇದ್ದರೆ ಯಾವ ಕಡೆ ತಿರುಗಿಸಿದರೂ ಹೊಡೆದುಹೋಗುತ್ತದೆ.

ಎರಡನೇ ಸಾಲು.

```
10.0 g CaCO3 × (1 mol CaCO3 / 100 g CaCO3) = 0.100 mol CaCO3
```

ಇದು ಸಲೀಸು. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48. ಒಟ್ಟು 100. ಮೇಲೆ ಗ್ರಾಂ ಇದೆ, ಅದು ಹೋಗಬೇಕಾದರೆ ಕೆಳಗೆ ಗ್ರಾಂ ಬರಬೇಕು. ಸೂತ್ರ ನೆನಪಿಟ್ಟುಕೊಳ್ಳುವ ಅಗತ್ಯವೇ ಬರಲಿಲ್ಲ.

ಮೂರನೇ ಸಾಲಿಗೆ ಬಂದಳು. ಮೊದಲು ಮಾಡಿದ ಹಾಗೇ ಮಾಡಲು ಹೊರಟಳು.

```
0.100 mol CaCO3 × (0.80 mol HCl / 1 L ಆಮ್ಲ) =
```

ಸಮ ಚಿಹ್ನೆ ಹಾಕಿದಳು. ಪೆನ್ಸಿಲ್ ಅಲ್ಲೇ ನಿಂತಿತು. ಹೊಡೆದು ಹಾಕಲು ಏನೂ ಸಿಗಲಿಲ್ಲ. ಮೇಲೆ ಎರಡು ಮೋಲ್ ಇವೆ, ಕೆಳಗೆ ಲೀಟರ್ ಇದೆ. ಅವಳಿಗೆ ಬೇಕಾದದ್ದು ಲೀಟರ್, ಅದೂ ಮೇಲೆ.

"ಉಲ್ಟಾ ಮಾಡಬೇಕು ಅಲ್ವಾ?" ಅಂದಳು. ಅಳಿಸಿ ತಿರುಗಿಸಿ ಬರೆದಳು.

```
0.100 mol CaCO3 × (1 L ಆಮ್ಲ / 0.80 mol HCl) =
```

ಈಗ ಲೀಟರ್ ಮೇಲೆ ಬಂತು. ಮೋಲ್ ಮೇಲೊಂದು, ಕೆಳಗೊಂದು. ಬೇಗ ಬೇಗ ಎರಡಕ್ಕೂ ಅಡ್ಡಗೆರೆ ಎಳೆದಳು. 0.125 L, ಅಂದರೆ 125 mL ಅಂತ ಬರೆದಳು. ನಾನು ಸುಮ್ಮನೆ ನೋಡುತ್ತಿದ್ದೆ. 125 ಅನ್ನುವುದು 250ರ ಸರಿಯಾಗಿ ಅರ್ಧ ಅಂತ ಅವಳಿಗೇ ಹೊಳೆಯಿತು. ಮತ್ತೆ ಸಾಲನ್ನು ಓದಿದಳು. ಈ ಸಲ ಜೋರಾಗಿ ಓದಿದಳು. "ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್... ಮೋಲ್ ಹೆಚ್‌ಸಿಎಲ್... ಓ, ಇವೆರಡೂ ಬೇರೆ ಬೇರೆ!"

ಬೇರೆ ಬೇರೆಯೇ. ಕಾರ್ಬೊನೇಟಿನ ಮೋಲನ್ನು ಆಮ್ಲದ ಮೋಲಿನಿಂದ ಹೊಡೆದು ಹಾಕುವ ಹಾಗಿಲ್ಲ. ನಡುವೆ ಒಂದು ಸೇತುವೆ ಬೇಕು. ಆ ಸೇತುವೆ ಸರಿದೂಗಿಸಿದ ಸಮೀಕರಣದಲ್ಲಿದೆ.

```
CaCO3 + 2HCl → CaCl2 + H2O + CO2

0.100 mol CaCO3 × (2 mol HCl / 1 mol CaCO3) = 0.200 mol HCl
0.200 mol HCl × (1 L ಆಮ್ಲ / 0.80 mol HCl) = 0.250 L ಆಮ್ಲ
0.250 L × (1000 mL / 1 L) = 250 mL
```

ಅವಳ 80ರಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಸಮೀಕರಣದ 2 ಬಿಟ್ಟುಹೋಗಿತ್ತು. ಮೊಲಾರಿಟಿಯಿಂದ ಭಾಗಿಸುವ ಬದಲು ಗುಣಿಸಿದ್ದಳು. ಎರಡನೆಯದನ್ನು mol, L ಎಂಬ ಯೂನಿಟ್‌ಗಳೇ ಹಿಡಿದುಕೊಟ್ಟವು. ಮೊದಲನೆಯದನ್ನು ಹಿಡಿದದ್ದು ಯೂನಿಟ್ ಅಲ್ಲ, ಯೂನಿಟ್ ಪಕ್ಕದ ಹೆಸರು. ನನಗೆ ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಪ್ರತಿ ಹೆಜ್ಜೆಯಲ್ಲೂ ಯೂನಿಟ್ ಬರೆಯಿರಿ ಅಂತ ಎಲ್ಲ ಮೇಷ್ಟರೂ ಹೇಳುತ್ತಾರೆ. ಬೇರೆ ಎಷ್ಟೋ ಲೆಕ್ಕಗಳಿಗೆ ಅಷ್ಟು ಸಾಕು. ಮೋಲ್ ಲೆಕ್ಕಕ್ಕೆ ಸಾಲದು. ಇಲ್ಲಿ ಒಂದೇ ಯೂನಿಟ್ ಮೂರು ನಾಲ್ಕು ವಸ್ತುಗಳಿಗೆ ಅಂಟಿಕೊಂಡಿರುತ್ತದೆ. ಮೋಲ್ ಅಂದ ತಕ್ಷಣ "ಯಾವುದರ ಮೋಲ್?" ಅನ್ನುವುದಕ್ಕೆ ಉತ್ತರ ಅಲ್ಲೇ ಪಕ್ಕದಲ್ಲಿ ಇರಬೇಕು.

ಇದು ನನ್ನ ಸ್ವಂತ ಹಟವೇನೂ ಅಲ್ಲ. 1971ರಲ್ಲಿ ಮೋಲನ್ನು ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿಸಿದಾಗ, ಅದರ ವ್ಯಾಖ್ಯೆಯ ಜೊತೆಯಲ್ಲೇ ಒಂದು ನಿಯಮ ಇಟ್ಟರು: ಮೋಲ್ ಬಳಸುವಾಗ ಯಾವ ಕಣ ಅಂತ ಹೇಳಲೇಬೇಕು. ಪರಮಾಣುವೋ, ಅಣುವೋ, ಅಯಾನೋ, ಎಲೆಕ್ಟ್ರಾನೋ, ಇನ್ನೇನೋ. ಆಗ ಮೋಲ್ ಅಂದರೆ 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಕಣಗಳು. 2019ರ ಮೇ 20ರಿಂದ ವ್ಯಾಖ್ಯೆ ಬದಲಾಯಿತು. ಈಗ ಒಂದು ಮೋಲ್ ಅಂದರೆ ಸರಿಯಾಗಿ 6.02214076 × 10²³ ಕಣಗಳು. ಗ್ರಾಮಿನ ಹಂಗು ತಪ್ಪಿತು. ಆದರೆ ಯಾವ ಕಣ ಅಂತ ಹೇಳಬೇಕಾದ ಹಂಗು ತಪ್ಪಲಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ವಸ್ತುವಿನ ಹೆಸರು ಯೂನಿಟ್‌ನ ಭಾಗ ಅಲ್ಲ. ಯೂನಿಟ್ mol ಅಷ್ಟೇ. ಲೆಕ್ಕ ಮಾಡುವಾಗ ಮಾತ್ರ ನಾನು ಎರಡನ್ನೂ ಒಂದೇ ಪದ ಅಂತ ಭಾವಿಸುತ್ತೇನೆ. ಹೊಡೆದು ಹಾಕುವಾಗ ಎರಡೂ ಹೊಂದಬೇಕು.

ಇದನ್ನು ನಾನು ಕಲಿತದ್ದು ನೋಟ್‌ಬುಕ್ಕಿನಲ್ಲಲ್ಲ, ಲ್ಯಾಬಿನಲ್ಲಿ.

ಕಾಲೇಜಿನಲ್ಲಿ ಇದ್ದಾಗ 250 ಮಿಲಿಲೀಟರ್ 0.050 M ಆಕ್ಸಾಲಿಕ್ ಆಮ್ಲದ ದ್ರಾವಣ ಮಾಡಬೇಕಿತ್ತು. ಎಷ್ಟು ತೂಗಬೇಕು ಅನ್ನುವುದನ್ನು ನಾವೇ ಲೆಕ್ಕ ಹಾಕಬೇಕು. ನಾನು ಆಗಲೂ ಯೂನಿಟ್ ಬರೆಯುವ ಹುಡುಗಿಯೇ. ನನ್ನ ಸಾಲು ಹೀಗಿತ್ತು.

```
0.250 L × 0.050 mol/L × 90 g/mol = 1.125 g
```

ಲೀಟರಿಗೆ ಲೀಟರ್ ಹೋಯಿತು, ಮೋಲಿಗೆ ಮೋಲ್ ಹೋಯಿತು, ಗ್ರಾಂ ಉಳಿಯಿತು. ಎಷ್ಟು ಚೆನ್ನಾಗಿದೆ ಅಂದುಕೊಂಡೆ. ತಕ್ಕಡಿಯಲ್ಲಿ 1.125 ಗ್ರಾಂ ತೂಗಿದೆ. ಬೀಕರಿನಲ್ಲಿ ಕರಗಿಸಿ, ಫ್ಲಾಸ್ಕಿಗೆ ಸುರಿದು, ಬೀಕರನ್ನು ಎರಡು ಸಲ ತೊಳೆದ ನೀರನ್ನೂ ಸೇರಿಸಿ, ಗೆರೆಯವರೆಗೆ ತುಂಬಿಸಿದೆ. ಕೈಕೆಲಸದಲ್ಲಿ ಏನೂ ಲೋಪ ಇರಲಿಲ್ಲ.

ಆಮೇಲೆ ಟೈಟ್ರೇಷನ್. ಬ್ಯುರೆಟ್ಟಿನಲ್ಲಿ 0.10 M ಸೋಡಿಯಂ ಹೈಡ್ರಾಕ್ಸೈಡ್. ಕೋನಿಕಲ್ ಫ್ಲಾಸ್ಕಿನಲ್ಲಿ ನನ್ನ ಆಮ್ಲ 10 ಮಿಲಿಲೀಟರ್, ಎರಡು ಹನಿ ಫಿನಾಫ್ತಲೀನ್. ಅಕ್ಕಪಕ್ಕದವರಿಗೆಲ್ಲ 10 ಮಿಲಿಲೀಟರ್ ಆಸುಪಾಸಿನಲ್ಲಿ ತಿಳಿ ಗುಲಾಬಿ ಬಣ್ಣ ಬಂತು. ನನಗೆ 7.1ಕ್ಕೇ ಬಂತು. ಮತ್ತೆ ಮಾಡಿದೆ. 7.1. ಮೂರನೇ ಸಲವೂ 7.1. ಮೂರು ಸಲವೂ ಒಂದೇ ಬಂದರೆ ಕೈ ತಪ್ಪಿಲ್ಲ ಅಂತ ಅರ್ಥ. ಕೈ ತಪ್ಪಿದ್ದರೆ ಒಂದೊಂದು ಸಲ ಒಂದೊಂದು ಬರಬೇಕಿತ್ತು. ಹಾಗಾದರೆ ದ್ರಾವಣವೇ ತಪ್ಪು.

ನಾನು ಲೆಕ್ಕವನ್ನು ಹತ್ತು ಸಲ ನೋಡಿದೆ. ಯೂನಿಟ್ ಎಲ್ಲ ಸರಿಯಾಗಿ ಹೊಡೆದುಹೋಗುತ್ತಿತ್ತು. ಕೊನೆಗೆ ಮೇಡಂ ಬಂದು ಪುಟ ನೋಡಿದರು. 90 ಅನ್ನುವ ಸಂಖ್ಯೆಯ ಮೇಲೆ ಬೆರಳಿಟ್ಟು "ಇದು ಯಾವುದರ ಗ್ರಾಂ?" ಅಂತ ಕೇಳಿದರು. ಆಕ್ಸಾಲಿಕ್ ಆಮ್ಲದ್ದು ಅಂದೆ. "ಬಾಟಲಿ ತಗೊಂಡು ಬಾ" ಅಂದರು.

ಬಾಟಲಿಯ ಮೇಲೆ H2C2O4·2H2O ಅಂತ ಇತ್ತು. ಹರಳಿನ ಒಳಗೆ ಪ್ರತಿ ಆಮ್ಲದ ಅಣುವಿನ ಜೊತೆ ಎರಡು ನೀರಿನ ಅಣುಗಳು ಕೂತಿರುತ್ತವೆ. ಅದರ ಮೋಲಾರ್ ರಾಶಿ 90 + 36 = 126. ನಾನು ತೂಗಿದ 1.125 ಗ್ರಾಮಿನಲ್ಲಿ ಒಂದು ಪಾಲು ನೀರೇ. ಹೆಸರು ಹಾಕಿ ಬರೆದಿದ್ದರೆ ಸಾಲು ಹೀಗಿರುತ್ತಿತ್ತು.

```
0.250 L × (0.050 mol H2C2O4 / 1 L) = 0.0125 mol H2C2O4
0.0125 mol H2C2O4 × (1 mol H2C2O4·2H2O / 1 mol H2C2O4)
                  = 0.0125 mol H2C2O4·2H2O
0.0125 mol H2C2O4·2H2O × (126 g H2C2O4·2H2O / 1 mol H2C2O4·2H2O)
                  = 1.575 g H2C2O4·2H2O
```

ನಡುವಿನ ಸಾಲಿನಲ್ಲಿ ಸಂಖ್ಯೆ ಬದಲಾಗುವುದೇ ಇಲ್ಲ. ಒಂದರಿಂದ ಒಂದನ್ನು ಭಾಗಿಸಿದರೆ ಒಂದೇ. ಅದನ್ನು ಯಾಕೆ ಬರೆಯಬೇಕು ಅಂತ ಅನ್ನಿಸುತ್ತದೆ. ಆದರೆ ನಾನು ಎಡವಿದ್ದು ಸರಿಯಾಗಿ ಆ ಸಾಲು ಇರಬೇಕಾದ ಜಾಗದಲ್ಲೇ. ದ್ರಾವಣದಲ್ಲಿ ಬೇಕಾಗಿರುವುದು ಒಂದು ವಸ್ತು, ತಕ್ಕಡಿಯ ಮೇಲೆ ಬೀಳುವುದು ಇನ್ನೊಂದು ವಸ್ತು. ಎರಡರ ಮೋಲ್ ಸಮ, ಗ್ರಾಂ ಸಮ ಅಲ್ಲ.

7.1 ಎಲ್ಲಿಂದ ಬಂತು ಅನ್ನುವುದನ್ನೂ ಅವತ್ತೇ ಲೆಕ್ಕ ಹಾಕಿದೆ. 1.125 ಗ್ರಾಂ ಹರಳನ್ನು 126ರಿಂದ ಭಾಗಿಸಿದರೆ 0.00893 ಮೋಲ್. ಅದು 0.250 ಲೀಟರಿನಲ್ಲಿ ಇದೆ, ಅಂದರೆ 0.0357 M. ಅದರ 10 ಮಿಲಿಲೀಟರಿನಲ್ಲಿ 0.000357 ಮೋಲ್ ಆಮ್ಲ. ಒಂದು ಮೋಲ್ ಆಕ್ಸಾಲಿಕ್ ಆಮ್ಲಕ್ಕೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು, ಹಾಗಾಗಿ 0.000714 ಮೋಲ್. ಅದನ್ನು ಲೀಟರಿಗೆ 0.10 ಮೋಲಿನಿಂದ ಭಾಗಿಸಿದರೆ 0.00714 ಲೀಟರ್, ಅಂದರೆ 7.14 ಮಿಲಿಲೀಟರ್. ಬ್ಯುರೆಟ್ ಹೇಳಿದ್ದು ಅಕ್ಷರಶಃ ನಿಜ. ಆ ಬೆರಳು, ಆ ಪ್ರಶ್ನೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಇದು ಯಾವುದರ ಗ್ರಾಂ?

ಹೆಸರು ಬರೆಯುವ ರೂಢಿ ಬಂದರೆ ಪ್ರಶ್ನೆಯಲ್ಲೇ ಇರುವ ಅರೆಕೊರೆಯೂ ಕಾಣತೊಡಗುತ್ತದೆ. "8 ಗ್ರಾಂ ಆಕ್ಸಿಜನ್‌ನಲ್ಲಿ ಎಷ್ಟು ಮೋಲ್?" ಅಂತ ಕೇಳಿದರೆ ಅರ್ಧ ತರಗತಿ 0.5 ಅನ್ನುತ್ತದೆ, ಅರ್ಧ 0.25 ಅನ್ನುತ್ತದೆ. ಆಮೇಲೆ ಯಾರು ಸರಿ ಅಂತ ಜಗಳ. ಮೋಲ್ O ಆದರೆ 0.5, ಮೋಲ್ O2 ಆದರೆ 0.25. ಎರಡೂ ಸರಿ. ಪ್ರಶ್ನೆ ಕೇಳಿದವರು ಯಾವುದರ ಮೋಲ್ ಅಂತ ಹೇಳಲಿಲ್ಲ ಅಷ್ಟೇ. ಅನಿಲ ಅಂತ ಇದ್ದರೆ O2 ಅಂತ ತೆಗೆದುಕೊಳ್ಳಬೇಕು.

ಸಾಲಿನಲ್ಲಿ ಬರುವ ಪ್ರತಿ ಭಿನ್ನರಾಶಿಗೂ ಒಂದು ಊರು ಇರುತ್ತದೆ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ಅದು ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ಸುಣ್ಣದ ಕಲ್ಲಿನ ಲೆಕ್ಕಕ್ಕೇ ಮತ್ತೆ ಬರೋಣ. 100 ಗ್ರಾಂಗೆ 80 ಗ್ರಾಂ ಅನ್ನುವುದು ಈ ಒಂದು ಕಲ್ಲಿಗೆ ಸೇರಿದ್ದು. ಇನ್ನೊಂದು ಕಲ್ಲು ತಂದರೆ ಅದು ಬದಲಾಗುತ್ತದೆ. ಮೋಲಿಗೆ 100 ಗ್ರಾಂ ಅನ್ನುವುದು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸೇರಿದ್ದು. ಜಗತ್ತಿನ ಯಾವ ಮೂಲೆಯ ಕಾರ್ಬೊನೇಟ್ ಆದರೂ ಅಷ್ಟೇ. 2ಕ್ಕೆ 1 ಅನ್ನುವುದು ಈ ಕ್ರಿಯೆಗೆ ಸೇರಿದ್ದು. ಲೀಟರಿಗೆ 0.80 ಮೋಲ್ ಅನ್ನುವುದು ಈ ಬಾಟಲಿಯ ಆಮ್ಲಕ್ಕೆ ಸೇರಿದ್ದು. ನಾಲ್ಕು ಭಿನ್ನರಾಶಿ, ನಾಲ್ಕು ಮೂಲ. ಹೆಸರು ಹಾಕಿ ಬರೆದ ಮೇಲೆ ಎರಡು 0.80 ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂರಲು ಸಾಧ್ಯವೇ ಇಲ್ಲ. ಒಂದು ಗ್ರಾಮನ್ನು ಗ್ರಾಮಿಗೆ ಜೋಡಿಸುತ್ತದೆ, ಇನ್ನೊಂದು ಮೋಲನ್ನು ಲೀಟರಿಗೆ ಜೋಡಿಸುತ್ತದೆ.

ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯಲು ಟೈಮ್ ಎಲ್ಲಿದೆ ಅಂತ ಅಣ್ಣನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಕೈ ಪಳಗಿದ ಮೇಲೆ ಐದು ಸಾಲು ಬೇಕಾಗಿಲ್ಲ, ಒಂದೇ ಸರಪಳಿಯಾಗಿ ಬರೆಯಬಹುದು.

```
12.5 g ಕಲ್ಲು × (80 g CaCO3 / 100 g ಕಲ್ಲು)
  × (1 mol CaCO3 / 100 g CaCO3)
  × (2 mol HCl / 1 mol CaCO3)
  × (1 L ಆಮ್ಲ / 0.80 mol HCl)
  × (1000 mL / 1 L) = 250 mL ಆಮ್ಲ
```

ಮೊದಲು ಸರಪಳಿ ಪೂರ್ತಿ ಬರೆಯಿರಿ, ಯೂನಿಟ್ ಹೊಡೆದು ಹಾಕಿ, ಕೊನೆಗೆ mL ಆಮ್ಲ ಒಂದೇ ಉಳಿದಿದೆಯಾ ನೋಡಿ. ಅಲ್ಲಿಯವರೆಗೆ ಸಂಖ್ಯೆಗೆ ಕೈ ಹಾಕಬೇಡಿ. ಹೀಗೆ ಮಾಡಿದರೆ ಲೆಕ್ಕ ಬೇಗ ಮುಗಿಯುತ್ತದೆ, ಯಾಕೆಂದರೆ ಗುಣಾಕಾರ ಒಂದೇ ಸಲ. ಇನ್ನೂ ಕಲಿಯುತ್ತಿರುವವರು ಮಾತ್ರ ಸಾಲು ಸಾಲಾಗಿಯೇ ಬರೆಯುವುದು ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ಸಾಲು ಸಾಲಾಗಿ ಬರೆದಾಗ ನಡುವಿನ ಉತ್ತರಗಳು ಕಣ್ಣಿಗೆ ಬೀಳುತ್ತವೆ. 12.5 ಗ್ರಾಂ ಕಲ್ಲಿನಲ್ಲಿ 15.6 ಗ್ರಾಂ ಕಾರ್ಬೊನೇಟ್ ಅಂತ ಬಂದರೆ ಆಗಲೇ ಅನುಮಾನ ಹುಟ್ಟುತ್ತದೆ. ಸರಪಳಿಯಲ್ಲಿ ಅದು ಮುಚ್ಚಿಹೋಗುತ್ತದೆ.

ಕೊನೆಯ ಕೊಂಡಿಯ ಬಗ್ಗೆ ಒಂದು ಮಾತು. ಮಿಲಿಲೀಟರ್ ಮತ್ತು ಲೀಟರ್ ಕಾಗದದ ಮೇಲೆ ನೋಡಲು ಹೆಚ್ಚುಕಮ್ಮಿ ಒಂದೇ ತರ ಇವೆ, ಆದರೆ ಒಂದನ್ನೊಂದು ಹೊಡೆಯುವುದಿಲ್ಲ. 250 mL ಅನ್ನು ನೇರವಾಗಿ 0.050 mol/L ಇಂದ ಗುಣಿಸಿದರೆ 12.5 ಬರುತ್ತದೆ, ಆದರೆ ಅದರ ಯೂನಿಟ್ ಮೋಲ್ ಅಲ್ಲ, mol·mL/L. ಆ mL/L ಬಾಲ ಕಣ್ಣಿಗೆ ಬೀಳದಿದ್ದರೆ 12.5 ಮೋಲ್ ಆಕ್ಸಾಲಿಕ್ ಆಮ್ಲಕ್ಕೆ 1575 ಗ್ರಾಂ ತೂಗಲು ಹೊರಡಬೇಕಾಗುತ್ತದೆ. ಕಾಲು ಲೀಟರಿನ ಫ್ಲಾಸ್ಕಿಗೆ ಒಂದೂವರೆ ಕಿಲೋ! ಲ್ಯಾಬಿನಲ್ಲಿ ಆದರೆ ತಕ್ಕಡಿಯೇ ಎಚ್ಚರಿಸುತ್ತದೆ. ಕಾಗದದ ಮೇಲೆ ಎಚ್ಚರಿಸುವುದು ಆ ಬಾಲ ಮಾತ್ರ.

ಇಷ್ಟು ಹೇಳಿದ ಮೇಲೆ ಯೂನಿಟ್ ಏನು ಮಾಡಲಾರದು ಅನ್ನುವುದನ್ನೂ ಹೇಳಬೇಕು. ಅದನ್ನು ಹೇಳದೆ ಬಿಟ್ಟರೆ ಮಕ್ಕಳು ಯೂನಿಟ್ ಹೊಂದಿತು ಅಂದ ಕೂಡಲೇ ಪೆನ್ ಕೆಳಗಿಡುತ್ತಾರೆ.

ಸಮೀಕರಣವನ್ನು ಸರಿದೂಗಿಸದೆ CaCO3 + HCl ಅಂತಲೇ ಬಿಟ್ಟರೆ, ಕೊಂಡಿ 1 mol HCl / 1 mol CaCO3 ಆಗುತ್ತದೆ. ಹೆಸರುಗಳು ಸೊಗಸಾಗಿ ಹೊಡೆದುಹೋಗುತ್ತವೆ. ಉತ್ತರ 125 mL. ತಪ್ಪು. ಯೂನಿಟ್‌ಗೆ ಇಲ್ಲಿ ಕಣ್ಣಿಲ್ಲ. ಕೊಂಡಿ ಇದೆಯಾ ಅಂತ ಅದು ನೋಡುತ್ತದೆ, ಕೊಂಡಿಯ ಮೇಲಿನ ಸಂಖ್ಯೆ ಸರಿಯಾ ಅಂತ ನೋಡುವುದಿಲ್ಲ. ಮೋಲಾರ್ ರಾಶಿಯಲ್ಲೂ ಹೀಗೆಯೇ. ಮೂರು ಆಕ್ಸಿಜನ್ ಬದಲು ಒಂದೇ ಲೆಕ್ಕ ಹಾಕಿ 68 g/mol ಅಂತ ಬರೆದರೂ ಯೂನಿಟ್ ತಕರಾರು ಮಾಡುವುದಿಲ್ಲ. ಅದಕ್ಕೇ ನಾನು ಸಮೀಕರಣ ಮತ್ತು ಮೋಲಾರ್ ರಾಶಿ ಎರಡನ್ನೂ ಪುಟದ ಮೇಲ್ಭಾಗದಲ್ಲಿ ಬೇರೆಯಾಗಿ ಬರೆಸುತ್ತೇನೆ. ಅವೆರಡನ್ನು ಪರೀಕ್ಷಿಸಿದ ಮೇಲೆಯೇ ಸರಪಳಿ ಶುರು.

ಅನಿಲದ ಗಾತ್ರ ಬಂದಾಗ ಇನ್ನೊಂದು ತೊಡಕು. 22.4 L/mol ಅನ್ನುವುದನ್ನು ಮಕ್ಕಳು ಮಂತ್ರದ ಹಾಗೆ ಕಲಿತಿರುತ್ತಾರೆ. ಅದು 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡಕ್ಕೆ ಮಾತ್ರ. ಒತ್ತಡ 1 ಬಾರ್ ಆದರೆ 22.7. 25 ಡಿಗ್ರಿ ಮತ್ತು 1 ಬಾರ್ ಆದರೆ 24.8. ಮೂರಕ್ಕೂ ಯೂನಿಟ್ ಒಂದೇ. ಹೆಸರೂ ಒಂದೇ. ಹಾಗಾಗಿ ಇಲ್ಲಿ ಯೂನಿಟ್ ಪಕ್ಕ ಹೆಸರು, ಹೆಸರಿನ ಪಕ್ಕ ಉಷ್ಣತೆ ಮತ್ತು ಒತ್ತಡ ಬರೆಯಬೇಕು.

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕದಲ್ಲಿ. ಅವಳಿಗೆ ಆ ಸಂಜೆ ಕೊನೆಯದಾಗಿ ಕೊಟ್ಟದ್ದು ಅದೇ ಲೆಕ್ಕದ ಇನ್ನೊಂದು ರೂಪ. ಅದೇ 12.5 ಗ್ರಾಂ ಕಲ್ಲು, ಅದೇ 0.80 M ಆಮ್ಲ. ಆದರೆ ಬಾಟಲಿಯಲ್ಲಿ ಇರುವುದು 150 ಮಿಲಿಲೀಟರ್ ಮಾತ್ರ. ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ?

ಅವಳು ಕಲ್ಲಿನಿಂದ ಶುರು ಮಾಡಿದಳು. ಈ ಸಲ ನಾನು ಏನೂ ಹೇಳಬೇಕಾಗಲಿಲ್ಲ.

```
0.100 mol CaCO3 × (1 mol CO2 / 1 mol CaCO3) = 0.100 mol CO2
0.100 mol CO2 × (44 g CO2 / 1 mol CO2) = 4.4 g CO2
```

"4.4 ಗ್ರಾಂ CO2. ಯೂನಿಟ್ ಸರಿ, ಹೆಸರೂ ಸರಿ" ಅಂದಳು. ಮುಗಿಯಿತು ಅನ್ನುವ ಹಾಗೆ ಅಡಿಗೆರೆ ಎಳೆದಳು.

"ಪ್ರಶ್ನೆಯಲ್ಲಿ ಕೊಟ್ಟಿರೋ ಸಂಖ್ಯೆ ಎಲ್ಲ ಬಳಸಿದೆಯಾ?" ಅಂತ ಕೇಳಿದೆ.

150 ಹಾಗೇ ಉಳಿದಿತ್ತು. ಆಮ್ಲದ ಕಡೆಯಿಂದ ಮತ್ತೆ ಬರೆದಳು.

```
0.150 L ಆಮ್ಲ × (0.80 mol HCl / 1 L ಆಮ್ಲ) = 0.120 mol HCl
0.120 mol HCl × (1 mol CO2 / 2 mol HCl) = 0.060 mol CO2
0.060 mol CO2 × (44 g CO2 / 1 mol CO2) = 2.64 g CO2
```

ಈಗ ಪುಟದ ಮೇಲೆ ಎರಡು ಉತ್ತರ. 4.4 g CO2, 2.64 g CO2. ಎರಡೂ ಶುದ್ಧವಾಗಿ ಹೊಡೆದುಹೋಗಿ ಬಂದವು. ಯೂನಿಟ್ ಎರಡಕ್ಕೂ ಒಂದೇ ರೀತಿ ತಲೆದೂಗುತ್ತಿದೆ. ಯಾವುದು ಸರಿ ಅಂತ ಅದು ಹೇಳಲಾರದು. ಅವಳು ಸ್ವಲ್ಪ ಹೊತ್ತು ಎರಡನ್ನೂ ನೋಡಿದಳು. ಪೆನ್ಸಿಲ್ ತುದಿಯಿಂದ 0.120 mol HCl ಅನ್ನು ತಟ್ಟಿದಳು.

"ಇಷ್ಟು ಆಮ್ಲ ಬರೀ 0.060 ಮೋಲ್ ಕಾರ್ಬೊನೇಟಿಗೆ ಸಾಕಾಗುತ್ತೆ. ಆಮೇಲೆ ಆಮ್ಲವೇ ಇಲ್ಲ. ಮಿಕ್ಕಿದ ಕಾರ್ಬೊನೇಟ್ ಹಾಗೇ ತಳದಲ್ಲಿ ಕೂತಿರುತ್ತೆ."

"ಎಷ್ಟು ಕೂತಿರುತ್ತೆ?"

```
0.100 mol CaCO3 − 0.060 mol CaCO3 = 0.040 mol CaCO3
0.040 mol CaCO3 × (100 g CaCO3 / 1 mol CaCO3) = 4.0 g CaCO3
```

ಕಳೆಯುವ ಸಾಲಿನಲ್ಲಿ ಮೂರೂ ಕಡೆ ಒಂದೇ ಹೆಸರು ಇದೆಯಾ ಅಂತ ತಾನೇ ಒಮ್ಮೆ ನೋಡಿಕೊಂಡಳು. 2.64 g CO2 ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಏನೋ ನೆನಪಾದವಳಂತೆ 4.0 g CaCO3 ಪಕ್ಕ ಚಿಕ್ಕದಾಗಿ ಬರೆದಳು: "ಜೊತೆಗೆ 2.5 g ಮರಳು."